ನಾನೂರು ಅಂಶಗಳ ವಿಲೀನ: ಮಾರುಕಟ್ಟೆ ಕೇಂದ್ರೀಕರಣ ಸೂಚ್ಯಂಕದ ಬಲ ಮತ್ತು ಮಿತಿ



ಎರಡು ಕಂಪನಿಗಳು ಒಂದಾಗಲು ಹೊರಟಿವೆ ಎಂಬ ಸುದ್ದಿಯನ್ನು ನಾವು ಪತ್ರಿಕೆಯಲ್ಲಿ ಆಗಾಗ ಓದುತ್ತೇವೆ. ಅದರಿಂದ ಗಿರಾಕಿಗೆ ನಷ್ಟವೋ ಅಲ್ಲವೋ ಎಂಬುದನ್ನು ಸರ್ಕಾರ ಮೊದಲೇ ಅಂದಾಜು ಮಾಡಬೇಕು. ವಿಲೀನ ಆಗಿ ಮುಗಿದ ಮೇಲೆ ಬೆಲೆ ಏರಿತೆಂದು ಗೊತ್ತಾದರೂ ಪ್ರಯೋಜನ ಕಡಿಮೆ. ಒಂದಾದ ಕಚೇರಿ, ಒಂದಾದ ಸಿಬ್ಬಂದಿ, ಮುಚ್ಚಿಹೋದ ಬ್ರ್ಯಾಂಡ್ ಇವನ್ನು ಮತ್ತೆ ಎರಡು ಮಾಡುವುದು ಬಹಳ ಕಷ್ಟ. ಹೀಗೆ ಮೊದಲೇ ಅಂದಾಜು ಮಾಡಲು ಬಳಸುವ ಒಂದು ಅಳತೆಗೋಲಿನ ಬಗ್ಗೆ ಇಂದು ಮಾತನಾಡುತ್ತೇನೆ. ಅದರ ಹೆಸರು ಹರ್ಫಿಂಡಾಲ್–ಹರ್ಷ್‌ಮನ್ ಸೂಚ್ಯಂಕ. ಲೆಕ್ಕ ಹೈಸ್ಕೂಲು ಮಟ್ಟದ್ದು. ಆದರೆ ಯಾವ ಸಂಖ್ಯೆಗಳನ್ನು ಲೆಕ್ಕಕ್ಕೆ ಹಾಕಬೇಕು ಎಂಬುದನ್ನು ನಿರ್ಧರಿಸಲು ನ್ಯಾಯಾಲಯಗಳು ದಿನಗಟ್ಟಲೆ ಸಾಕ್ಷಿ ಕೇಳುತ್ತವೆ. ಅದನ್ನು ಒಂದೇ ಒಂದು ಮೊಕದ್ದಮೆಯ ಮೂಲಕ ನೋಡೋಣ.

ಅಮೆರಿಕದಲ್ಲಿ ದುಡಿಯುವ ಬಹುಪಾಲು ಜನ ಪ್ರತಿವರ್ಷ ಆದಾಯ ತೆರಿಗೆಯ ರಿಟರ್ನ್ ಸಲ್ಲಿಸುತ್ತಾರೆ. 2010ರಲ್ಲಿ ಸುಮಾರು 14 ಕೋಟಿ ರಿಟರ್ನ್‌ಗಳು. ಅದನ್ನು ತುಂಬಲು ಮೂರು ದಾರಿಗಳಿವೆ. ಕಾಗದ, ಪೆನ್ನು ಹಿಡಿದು ತಾವೇ ಲೆಕ್ಕ ಹಾಕುವುದು ಒಂದು. ತೆರಿಗೆ ತಜ್ಞರ ಬಳಿ ಹೋಗಿ ಮಾಡಿಸುವುದು ಇನ್ನೊಂದು. ಕಂಪ್ಯೂಟರ್ ಮುಂದೆ ಕುಳಿತು ಸಾಫ್ಟ್‌ವೇರ್ ಕೇಳುವ ಪ್ರಶ್ನೆಗಳಿಗೆ ಉತ್ತರ ಕೊಡುತ್ತಾ ತಾವೇ ಮುಗಿಸುವುದು ಮೂರನೆಯದು. 2010ರಲ್ಲಿ ಈ ಮೂರನೆಯ ದಾರಿ ಹಿಡಿದವರು ಮೂರೂವರೆ ಕೋಟಿಯಿಂದ ನಾಲ್ಕು ಕೋಟಿ. ಈ ಸಾಫ್ಟ್‌ವೇರ್ ವ್ಯಾಪಾರದಲ್ಲಿ ಟರ್ಬೊಟ್ಯಾಕ್ಸ್ ಮಾರುವ ಇಂಟ್ಯೂಟ್ ಕಂಪನಿಯದೇ ಮೇಲುಗೈ. ಎರಡನೆಯದು ಕ್ಯಾನ್ಸಸ್ ಸಿಟಿಯ ಎಚ್ ಅಂಡ್ ಆರ್ ಬ್ಲಾಕ್. ಊರೂರಲ್ಲಿ ತೆರಿಗೆ ಅಂಗಡಿಗಳಿದ್ದ ಹಳೆಯ ಸಂಸ್ಥೆ ಅದು, ಸಾಫ್ಟ್‌ವೇರನ್ನೂ ಮಾರುತ್ತಿತ್ತು. ಮೂರನೆಯದು ಅಯೋವಾ ರಾಜ್ಯದ ಸೀಡರ್ ರ್ಯಾಪಿಡ್ಸ್ ಎಂಬ ಊರಿನ ಟ್ಯಾಕ್ಸ್‌ಆಕ್ಟ್. 2010ರ ಅಕ್ಟೋಬರ್‌ನಲ್ಲಿ ಎರಡನೆಯ ಕಂಪನಿ ಮೂರನೆಯದನ್ನು 28.75 ಕೋಟಿ ಡಾಲರಿಗೆ ಕೊಳ್ಳುವ ಒಪ್ಪಂದ ಮಾಡಿಕೊಂಡಿತು. 2011ರ ಮೇ ತಿಂಗಳಲ್ಲಿ ಅಮೆರಿಕದ ನ್ಯಾಯಾಂಗ ಇಲಾಖೆ ಅದನ್ನು ತಡೆಯಲು ವಾಷಿಂಗ್ಟನ್ ನಗರದ ಫೆಡರಲ್ ಜಿಲ್ಲಾ ನ್ಯಾಯಾಲಯಕ್ಕೆ ಹೋಯಿತು.

ಈಗ ಲೆಕ್ಕಕ್ಕೆ ಬರೋಣ. ನ್ಯಾಯಾಲಯ ಒಪ್ಪಿದ ಪಾಲುಗಳು ಹೀಗಿದ್ದವು: ಇಂಟ್ಯೂಟ್ ಶೇ. 62.2, ಬ್ಲಾಕ್ ಶೇ. 15.6, ಟ್ಯಾಕ್ಸ್‌ಆಕ್ಟ್ ಶೇ. 12.8. ಉಳಿದ ಶೇ. 9.4 ಹಲವು ಚಿಕ್ಕ ಕಂಪನಿಗಳ ನಡುವೆ ಹರಿದು ಹಂಚಿಹೋಗಿತ್ತು. ಸೂಚ್ಯಂಕ ಬೇಕೆಂದರೆ ಪ್ರತಿ ಪಾಲನ್ನೂ ಅದರಿಂದಲೇ ಗುಣಿಸಿ, ಬಂದದ್ದನ್ನೆಲ್ಲ ಕೂಡಬೇಕು. 62.2ರ ವರ್ಗ ಸುಮಾರು 3869. 15.6ರದು 243. 12.8ರದು 164. ಮೂರೂ ಸೇರಿ 4276. ಚಿಕ್ಕವರೆಲ್ಲರದೂ ಸೇರಿ ಒಂದು ಹದಿನೈದು ಅಂಶ ಬರುತ್ತದೆ. ಒಟ್ಟು 4291.

ಪಾಲುಗಳನ್ನು ಸುಮ್ಮನೆ ಕೂಡದೆ ವರ್ಗ ಮಾಡುವುದು ಏಕೆ? ಸುಮ್ಮನೆ ಕೂಡಿದರೆ ಯಾವ ಮಾರುಕಟ್ಟೆಯಲ್ಲಾದರೂ ನೂರೇ ಬರುತ್ತದೆ. 1968ರಲ್ಲಿ ಅಮೆರಿಕದ ನ್ಯಾಯಾಂಗ ಇಲಾಖೆ ಮೊದಲ ವಿಲೀನ ಮಾರ್ಗಸೂಚಿ ಹೊರಡಿಸಿದಾಗ ಅಗ್ರ ನಾಲ್ಕು ಕಂಪನಿಗಳ ಪಾಲುಗಳನ್ನಷ್ಟೇ ಕೂಡಿ ನೋಡುವ ಪದ್ಧತಿ ಇತ್ತು. ಅದರ ಕೊರತೆ ಬೇಗ ಕಾಣುತ್ತದೆ. ಒಂದು ಮಾರುಕಟ್ಟೆಯಲ್ಲಿ ನಾಲ್ವರು ತಲಾ ಶೇ. 20 ಹಂಚಿಕೊಂಡಿದ್ದಾರೆ. ಇನ್ನೊಂದರಲ್ಲಿ ಒಬ್ಬನಿಗೇ ಶೇ. 65, ಉಳಿದ ಮೂವರಿಗೆ ತಲಾ 5. ಎರಡರಲ್ಲೂ ಅಗ್ರ ನಾಲ್ವರ ಮೊತ್ತ 80. ಆದರೆ ಎರಡನೆಯ ಕಡೆ ಬೆಲೆ ನಿಗದಿ ಮಾಡುವವನು ಒಬ್ಬನೇ. ವರ್ಗ ಮಾಡಿ ಕೂಡಿದಾಗ ಮೊದಲನೆಯದರಲ್ಲಿ ಈ ನಾಲ್ವರಿಂದ 1600, ಎರಡನೆಯದರಲ್ಲಿ 4300 ಬರುತ್ತದೆ. ವರ್ಗ ದೊಡ್ಡದನ್ನು ಇನ್ನೂ ದೊಡ್ಡದಾಗಿ, ಚಿಕ್ಕದನ್ನು ಇನ್ನೂ ಚಿಕ್ಕದಾಗಿ ಕಾಣಿಸುತ್ತದೆ.

ಇದರಿಂದ ಇನ್ನೊಂದು ಅನುಕೂಲವೂ ಉಂಟು. ಚಿಕ್ಕ ಕಂಪನಿಗಳ ನಿಖರ ಅಂಕಿ ಸಿಗುವುದು ಕಷ್ಟ. ನಮ್ಮ ಉದಾಹರಣೆಯಲ್ಲಿ ಉಳಿದ ಶೇ. 9.4 ಯಾರ ಯಾರ ಬಳಿ ಎಷ್ಟೆಷ್ಟು ಇದೆಯೆಂದು ಏನೂ ಗೊತ್ತಿಲ್ಲ ಎಂದೇ ಇಟ್ಟುಕೊಳ್ಳಿ. ಅದೆಲ್ಲ ಒಬ್ಬನ ಕೈಯಲ್ಲೇ ಇದ್ದರೂ ವರ್ಗ 89 ದಾಟುವುದಿಲ್ಲ. ಅಂದರೆ ಸೂಚ್ಯಂಕ 4276ಕ್ಕೂ 4365ಕ್ಕೂ ನಡುವೆಯೇ ಇರಬೇಕು. ಗೊತ್ತಿಲ್ಲದ್ದರ ಗಾತ್ರಕ್ಕೆ ಹೀಗೆ ಮೇಲು ಮಿತಿ ಹಾಕಲು ಆಗುವುದರಿಂದ, ಅಂಕಿ ಪೂರ್ತಿ ಸಿಗದಿದ್ದರೂ ತನಿಖೆ ನಿಲ್ಲುವುದಿಲ್ಲ.

4291 ಎಂಬ ಸಂಖ್ಯೆಯನ್ನು ಅರ್ಥ ಮಾಡಿಕೊಳ್ಳಲು ನಾನು ವಿದ್ಯಾರ್ಥಿಗಳಿಗೆ ಹೇಳುವ ದಾರಿ ಇದು: 10,000ವನ್ನು ಅದರಿಂದ ಭಾಗಿಸಿ. 2.3 ಬರುತ್ತದೆ. ಸಮಾನ ಗಾತ್ರದ ಎರಡು ಕಂಪನಿಗಳಿಗಿಂತ ಸ್ವಲ್ಪ ಹೆಚ್ಚು ಇರುವ ಮಾರುಕಟ್ಟೆ ಎಷ್ಟು ಬಿಗಿಯಾಗಿರುತ್ತದೋ ಇದೂ ಅಷ್ಟು ಬಿಗಿ. ಹೆಸರಿಗೆ ಇಪ್ಪತ್ತು ಕಂಪನಿಗಳಿದ್ದರೂ ಅಷ್ಟೇ.

ಸೂಚ್ಯಂಕದ ಹೆಸರಿನಲ್ಲಿರುವ ಇಬ್ಬರಲ್ಲಿ ಆಲ್ಬರ್ಟ್ ಹರ್ಷ್‌ಮನ್ ಇದನ್ನು 1945ರ ತಮ್ಮ ಪುಸ್ತಕದಲ್ಲಿ ಬಳಸಿದರು. ಅವರ ವಿಷಯ ಕಂಪನಿಗಳದಲ್ಲ, ದೇಶಗಳ ವಿದೇಶ ವ್ಯಾಪಾರ. ಒಂದು ಚಿಕ್ಕ ದೇಶದ ವ್ಯಾಪಾರವೆಲ್ಲ ಒಬ್ಬನೇ ಬಲಿಷ್ಠ ಗಿರಾಕಿಯ ಕೈಗೆ ಸೇರಿದಾಗ ಅದು ಹೇಗೆ ರಾಜಕೀಯವಾಗಿಯೂ ಅವನ ಹಿಡಿತಕ್ಕೆ ಸಿಗುತ್ತದೆ ಎಂಬುದನ್ನು ಅವರು ಅಳೆಯಲು ಹೊರಟಿದ್ದರು. ನಾಜಿ ಜರ್ಮನಿ ಮತ್ತು ಅದರ ಆಗ್ನೇಯದ ಚಿಕ್ಕ ದೇಶಗಳ ಸಂಬಂಧ ಅವರ ಕಣ್ಣ ಮುಂದಿತ್ತು. ಆರಿಸ್ ಹರ್ಫಿಂಡಾಲ್ 1950ರಲ್ಲಿ ಉಕ್ಕಿನ ಉದ್ಯಮದ ಮೇಲೆ ಬರೆದ ಪಿಎಚ್‌.ಡಿ. ಪ್ರಬಂಧದಲ್ಲಿ ಇದನ್ನು ಕಂಪನಿಗಳಿಗೆ ಅನ್ವಯಿಸಿದರು. 1982ರಲ್ಲಿ ಅಮೆರಿಕದ ನ್ಯಾಯಾಂಗ ಇಲಾಖೆ ವಿಲೀನದ ಮಾರ್ಗಸೂಚಿಗೆ ಇದನ್ನು ತೆಗೆದುಕೊಂಡಿತು.

ಇನ್ನು ವಿಲೀನದ ಲೆಕ್ಕ. ಬ್ಲಾಕ್ ಮತ್ತು ಟ್ಯಾಕ್ಸ್‌ಆಕ್ಟ್ ಒಂದಾದರೆ ಪಾಲು 28.4. ಅದರ ವರ್ಗ 807. ಮೊದಲು ಬೇರೆಬೇರೆಯಾಗಿ ಇದ್ದಾಗ ಇಬ್ಬರದೂ ಸೇರಿ 407 ಮಾತ್ರ. ವ್ಯತ್ಯಾಸ 400. ಇದನ್ನು ಬಿಡಿಸಿ ನೋಡಿದರೆ ಒಂದು ಚೊಕ್ಕ ಸೂತ್ರ ಸಿಗುತ್ತದೆ:

(a + b)² − a² − b² = 2ab

ಎರಡು ಪಾಲುಗಳನ್ನು ಗುಣಿಸಿ ಎರಡು ಪಟ್ಟು ಮಾಡಿದರೆ ಸೂಚ್ಯಂಕದ ಏರಿಕೆ ಬಂದುಬಿಟ್ಟಿತು. ಇದರಲ್ಲಿ ಉಳಿದ ಕಂಪನಿಗಳ ಪ್ರಸ್ತಾಪವೇ ಇಲ್ಲ ಎಂಬುದನ್ನು ಗಮನಿಸಿ. ಹಾಗಾಗಿ ಅಧಿಕಾರಿಗಳು ಎರಡು ಸಂಖ್ಯೆಗಳನ್ನು ಜೋಡಿಯಾಗಿ ನೋಡುತ್ತಾರೆ. ವಿಲೀನದ ನಂತರ ಮಾರುಕಟ್ಟೆ ಎಷ್ಟು ಬಿಗಿಯಾಗಿರುತ್ತದೆ ಎಂಬುದು ಒಂದು. ಆ ಬಿಗಿತಕ್ಕೆ ಈ ವಿಲೀನ ಎಷ್ಟು ಕಾರಣ ಎಂಬುದು ಇನ್ನೊಂದು. ಮೊದಲೇ ಬಿಗಿಯಾಗಿದ್ದ ಮಾರುಕಟ್ಟೆಯಲ್ಲಿ ಶೇ. 1ರ ಇಬ್ಬರು ಒಂದಾದರೆ ಏರಿಕೆ ಕೇವಲ 2. ಅವರನ್ನು ತಡೆಯುವುದರಲ್ಲಿ ಅರ್ಥವಿಲ್ಲ.

ಈ ಮೊಕದ್ದಮೆಯ ಕಾಲಕ್ಕೆ 2010ರ ಮಾರ್ಗಸೂಚಿ ಜಾರಿಯಲ್ಲಿತ್ತು. ವಿಲೀನದ ನಂತರ ಸೂಚ್ಯಂಕ 2500 ದಾಟಿ, ಏರಿಕೆ 200ಕ್ಕಿಂತ ಹೆಚ್ಚಿದ್ದರೆ ಅದು ಮಾರುಕಟ್ಟೆಯ ಮೇಲಿನ ಹಿಡಿತವನ್ನು ಹೆಚ್ಚಿಸುತ್ತದೆ ಎಂದು ಮೇಲ್ನೋಟಕ್ಕೆ ಭಾವಿಸಬೇಕು ಎಂಬುದು ಅದರ ನಿಯಮ. ಇಲ್ಲಿ ನಂತರದ ಸೂಚ್ಯಂಕ 4691, ಏರಿಕೆ 400. ಎರಡೂ ಗೆರೆ ದಾಟಿದವು. 2023ರಲ್ಲಿ ಗೆರೆಯನ್ನು 1800 ಮತ್ತು 100ಕ್ಕೆ ಇಳಿಸಿದರು. ಆ ಅಂಕಿಗಳು 1982ರ ಮಾರ್ಗಸೂಚಿಯಲ್ಲೇ ಇದ್ದಂಥವು. ಗೆರೆ ಎಲ್ಲಿರಬೇಕು ಎಂಬುದು ಕೊನೆಗೂ ನೀತಿಯ ಆಯ್ಕೆ. ಗಣಿತ ಅದನ್ನು ಹೇಳಿಕೊಡುವುದಿಲ್ಲ.

ಗೆರೆ ದಾಟಿದ ಮಾತ್ರಕ್ಕೆ ಸರ್ಕಾರ ಗೆದ್ದಂತಲ್ಲ. ಸಮಜಾಯಿಷಿ ಕೊಡುವ ಹೊಣೆ ಕಂಪನಿಗಳ ಮೇಲೆ ಬೀಳುತ್ತದೆ, ಅಷ್ಟೆ. ಬ್ಲಾಕ್‌ನ ವಕೀಲರು ಹಿಡಿದ ಮೊದಲ ದಾರಿ ಛೇದವನ್ನೇ ಪ್ರಶ್ನಿಸುವುದು. ಮಾರುಕಟ್ಟೆ ಎಂದರೆ ಸಾಫ್ಟ್‌ವೇರ್ ಮಾತ್ರ ಎಂದು ಯಾರು ಹೇಳಿದರು? ತೆರಿಗೆ ತಜ್ಞರ ಬಳಿ ಹೋಗುವವರೂ ಕಾಗದದಲ್ಲಿ ತುಂಬುವವರೂ ಇದೇ ಕೆಲಸವನ್ನಲ್ಲವೇ ಮುಗಿಸಿಕೊಳ್ಳುವುದು? ಸಾಫ್ಟ್‌ವೇರ್ ದುಬಾರಿಯಾದರೆ ಜನ ಆ ಕಡೆ ಹೋಗುತ್ತಾರೆ, ಆದ್ದರಿಂದ ಎಲ್ಲ ವಿಧಾನಗಳೂ ಸೇರಿ ಒಂದೇ ಮಾರುಕಟ್ಟೆ ಎಂಬುದು ಅವರ ವಾದ.

ಈ ವಾದ ಗೆದ್ದಿದ್ದರೆ ಏನಾಗುತ್ತಿತ್ತು, ನಾವೇ ಲೆಕ್ಕ ಹಾಕೋಣ. ಸಾಫ್ಟ್‌ವೇರ್ ಬಳಸುವವರು ಒಟ್ಟು ತೆರಿಗೆದಾರರ ಕಾಲು ಭಾಗದಷ್ಟು. ಛೇದ ನಾಲ್ಕು ಪಟ್ಟಾದರೆ ಎರಡೂ ಪಾಲುಗಳು ಕಾಲು ಭಾಗಕ್ಕೆ ಇಳಿಯುತ್ತವೆ. ಏರಿಕೆ ಎಂಬುದು ಎರಡು ಪಾಲುಗಳ ಗುಣಲಬ್ಧವಾದ್ದರಿಂದ ಅದು ಹದಿನಾರನೇ ಒಂದು ಭಾಗಕ್ಕೆ ಕುಸಿಯುತ್ತದೆ. 400 ಇದ್ದದ್ದು 25 ಆಯಿತು. ಬ್ಲಾಕ್‌ನ ತೆರಿಗೆ ಅಂಗಡಿಗಳ ಗಿರಾಕಿಗಳನ್ನೂ ಆಗ ಸೇರಿಸಬೇಕು ಎಂಬುದು ನಿಜ. ಲೆಕ್ಕಕ್ಕಾಗಿ ಅಂಗಡಿಗಳೂ ಸೇರಿ ಬ್ಲಾಕ್‌ಗೆ ಶೇ. 15 ಎಂದು ಇಟ್ಟುಕೊಂಡರೂ, ಟ್ಯಾಕ್ಸ್‌ಆಕ್ಟ್‌ನ ಶೇ. 3.2ರೊಡನೆ ಗುಣಿಸಿದಾಗ ಏರಿಕೆ 96. ಅದೇ ಕಂಪನಿಗಳು, ಅದೇ ಸಾಫ್ಟ್‌ವೇರ್, ಅದೇ ಗಿರಾಕಿಗಳು. ಮಾರುಕಟ್ಟೆಯ ಬೇಲಿಯನ್ನು ಹಿಗ್ಗಿಸಿದ್ದಕ್ಕೆ ಅಪಾಯಕಾರಿ ವಿಲೀನ ನಿರುಪದ್ರವಿಯಾಗಿ ಕಂಡಿತು. ಸೂಚ್ಯಂಕವನ್ನು ಬಳಸುವ ಪ್ರತಿಯೊಬ್ಬರೂ ಈ ಹದಿನಾರು ಪಟ್ಟನ್ನು ನೆನಪಿಡಬೇಕು. ಛೇದದಲ್ಲಿ ಆಗುವ ತಪ್ಪು ಏರಿಕೆಯಲ್ಲಿ ವರ್ಗವಾಗಿ ಬೆಳೆಯುತ್ತದೆ.

ಬೇಲಿ ಎಲ್ಲಿ ಹಾಕಬೇಕೆಂದು ಪರೀಕ್ಷಿಸಲು ಒಂದು ಕ್ರಮವಿದೆ. ತೆರಿಗೆ ಸಾಫ್ಟ್‌ವೇರ್ ಎಲ್ಲವೂ ಒಬ್ಬನೇ ಒಡೆಯನ ಕೈಗೆ ಬಂತು ಎಂದು ಕಲ್ಪಿಸಿಕೊಳ್ಳಿ. ಅವನು ಬೆಲೆಯನ್ನು ಶೇ. 5ರಿಂದ 10ರಷ್ಟು ಏರಿಸುತ್ತಾನೆ, ಮತ್ತೆ ಇಳಿಸುವುದಿಲ್ಲ. ಅವನಿಗೆ ಲಾಭವಾಗುತ್ತದೆಯೇ? ಬಿಟ್ಟುಹೋದ ಗಿರಾಕಿಗಳಿಂದ ಆದ ನಷ್ಟ, ಉಳಿದವರಿಂದ ಬಂದ ಹೆಚ್ಚುವರಿ ಹಣಕ್ಕಿಂತ ಕಡಿಮೆಯಿದ್ದರೆ ಲಾಭ. ಆಗ ಬೇಲಿ ಅಲ್ಲೇ ಸರಿ. ನಷ್ಟವಾದರೆ ಗಿರಾಕಿಗಳು ಓಡಿಹೋಗುವ ಮುಂದಿನ ವಸ್ತುವನ್ನೂ ಸೇರಿಸಿ ಮತ್ತೆ ಪರೀಕ್ಷಿಸಬೇಕು. ಇಲ್ಲಿ ಸಾಫ್ಟ್‌ವೇರಿನ ಸರಾಸರಿ ಬೆಲೆ 44 ಡಾಲರಿನ ಆಸುಪಾಸು. ಅದರ ಹತ್ತನೇ ಒಂದು ಭಾಗವೆಂದರೆ ನಾಲ್ಕೂ ಚಿಲ್ಲರೆ ಡಾಲರ್. ತಜ್ಞರ ಬಳಿ ಮಾಡಿಸಿದರೆ 150ರಿಂದ 200 ಡಾಲರ್. ನಾಲ್ಕು ಡಾಲರ್ ಉಳಿಸಲು ನೂರಕ್ಕೂ ಹೆಚ್ಚು ಡಾಲರ್ ಕೊಡುವವರು ಎಷ್ಟು ಮಂದಿ? ಅದೇ ನಾಲ್ಕು ಡಾಲರಿಗಾಗಿ ಕಂಪ್ಯೂಟರ್ ಬಿಟ್ಟು ಕಾಗದದ ಮೇಲೆ ಗಂಟೆಗಟ್ಟಲೆ ಕೂಡುವ ಕಳೆಯುವ ಕಷ್ಟಕ್ಕೆ ಮರಳುವವರು ಎಷ್ಟು ಮಂದಿ?

ನ್ಯಾಯಾಧೀಶೆ ಬೆರಿಲ್ ಹಾವೆಲ್ ಈ ಅಂಕಿಗಳ ಜೊತೆಗೆ ಕಂಪನಿಗಳ ಒಳಗಿನ ಕಾಗದಪತ್ರಗಳನ್ನೂ ಓದಿದರು. ವಿಲೀನದ ಮಾತು ಬರುವ ಮೊದಲು, ದೈನಂದಿನ ವ್ಯವಹಾರದ ಟಿಪ್ಪಣಿಗಳಲ್ಲಿ ಈ ಕಂಪನಿಗಳು ಯಾರನ್ನು ಎದುರಾಳಿ ಎಂದು ಗುರುತಿಸಿದ್ದವು? ಬೆಲೆ ನಿಗದಿ ಮಾಡುವಾಗ ಯಾರ ಬೆಲೆಯನ್ನು ನೋಡುತ್ತಿದ್ದವು? ಸಾಫ್ಟ್‌ವೇರ್ ಮಾರುವ ಇತರರನ್ನೇ. ಮೊಕದ್ದಮೆಗೆಂದು ತಯಾರಿಸಿದ ಸಮೀಕ್ಷೆಗಿಂತ ಇಂಥ ಹಳೆಯ ಟಿಪ್ಪಣಿ ಹೆಚ್ಚು ನಂಬಲರ್ಹ ಎಂಬುದು ನನ್ನ ಅಭಿಪ್ರಾಯ ಕೂಡ. ವ್ಯಾಪಾರದಲ್ಲಿ ಹಣ ಕಳೆದುಕೊಳ್ಳುವ ಭಯವಿರುವವನು ತನ್ನ ಪ್ರತಿಸ್ಪರ್ಧಿ ಯಾರೆಂದು ತನಗೆ ತಾನೇ ಸುಳ್ಳು ಹೇಳಿಕೊಳ್ಳುವುದಿಲ್ಲ. ನ್ಯಾಯಾಲಯ ಸಾಫ್ಟ್‌ವೇರನ್ನೇ ಪ್ರತ್ಯೇಕ ಮಾರುಕಟ್ಟೆ ಎಂದು ಒಪ್ಪಿತು. 400 ಉಳಿಯಿತು.

ಇನ್ನೊಂದು ಪ್ರಶ್ನೆ ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಪಾಲು ಎಂದರೆ ಯಾವುದರ ಪಾಲು? ಇಲ್ಲಿನ ಶೇಕಡಾವಾರು ಅಂಕಿಗಳು ತೆರಿಗೆ ಇಲಾಖೆಯ ದತ್ತಾಂಶದಿಂದ ಬಂದವು, ಅಂದರೆ ಸಲ್ಲಿಕೆಯಾದ ರಿಟರ್ನ್‌ಗಳ ಎಣಿಕೆ. ವರಮಾನದ ಲೆಕ್ಕದಲ್ಲಿ ಪಾಲು ಹಾಕಿದ್ದರೆ ಟ್ಯಾಕ್ಸ್‌ಆಕ್ಟ್ ಇನ್ನೂ ಚಿಕ್ಕದಾಗಿ ಕಾಣುತ್ತಿತ್ತು. ಕಾರಣ, ಅದು ಕೇಂದ್ರ ಸರ್ಕಾರದ ರಿಟರ್ನನ್ನು ಉಚಿತವಾಗಿ ತುಂಬಿಸಿಕೊಡುತ್ತಿತ್ತು. ರಾಜ್ಯದ ರಿಟರ್ನಿಗೆ ಮತ್ತು ಹೆಚ್ಚಿನ ಸೌಲಭ್ಯಗಳಿಗೆ ಮಾತ್ರ ಹಣ ಪಡೆಯುತ್ತಿತ್ತು. ಬೆಲೆ ಇಳಿಸಿದವನ ವರಮಾನ ಇಳಿಯುತ್ತದೆ. ವರಮಾನವನ್ನು ಎಣಿಸುವ ಸೂಚ್ಯಂಕದಲ್ಲಿ ಅವನ ಮಹತ್ವವೂ ಇಳಿಯುತ್ತದೆ. ಗಿರಾಕಿಗೆ ಅತಿ ಹೆಚ್ಚು ಉಪಕಾರ ಮಾಡುತ್ತಿರುವವನನ್ನೇ ಲೆಕ್ಕ ಕಡೆಗಣಿಸುತ್ತದೆ.

ಎಣಿಕೆ ಸರಿಯಿದ್ದರೂ ಸೂಚ್ಯಂಕಕ್ಕೆ ಕಾಣದ ಸಂಗತಿ ಇದೇ ಜಾಗದಲ್ಲಿದೆ. 2000ದ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದ ತೆರಿಗೆ ಇಲಾಖೆ ಖಾಸಗಿ ಕಂಪನಿಗಳ ಕೂಟವೊಂದರ ಮೂಲಕ ಕೆಲವರಿಗೆ ಉಚಿತ ಸೇವೆ ಕೊಡಿಸುತ್ತಿತ್ತು. ಟ್ಯಾಕ್ಸ್‌ಆಕ್ಟ್ ಅದರಲ್ಲಿ ಎಲ್ಲರಿಗೂ ಉಚಿತ ಎಂದು ಘೋಷಿಸಿತು. ದೊಡ್ಡವರೂ ಅನುಸರಿಸಬೇಕಾಯಿತು. ಮುಂದೆ ಕೂಟದ ನಿಯಮ ಬದಲಾಗಿ ಎಲ್ಲರಿಗೂ ಉಚಿತ ಎಂಬುದಕ್ಕೆ ಮಿತಿ ಬಿದ್ದಾಗ, ಟ್ಯಾಕ್ಸ್‌ಆಕ್ಟ್ ಅದೇ ಉಚಿತ ಸೇವೆಯನ್ನು ತನ್ನ ವೆಬ್‌ಸೈಟಿನಲ್ಲೇ ಕೊಡತೊಡಗಿತು. ಶೇ. 12.8 ಪಾಲಿನ ಈ ಕಂಪನಿ ಇಡೀ ವ್ಯಾಪಾರದ ಬೆಲೆಯನ್ನು ಕೆಳಕ್ಕೆ ಎಳೆದು ಹಿಡಿದಿತ್ತು. ಇದೇ ಗಾತ್ರದ, ಆದರೆ ದೊಡ್ಡವರ ಬೆಲೆಯನ್ನೇ ನಕಲು ಮಾಡುವ ಸಾಧು ಕಂಪನಿಯೊಂದನ್ನು ಬ್ಲಾಕ್ ಕೊಂಡಿದ್ದರೂ ಸೂಚ್ಯಂಕದ ಏರಿಕೆ 400ವೇ ಆಗುತ್ತಿತ್ತು. ಎರಡೂ ವಿಲೀನಗಳ ಫಲ ಬೇರೆ, ಸಂಖ್ಯೆ ಮಾತ್ರ ಒಂದೇ. ಆದ್ದರಿಂದಲೇ ತೀರ್ಪು ಸೂಚ್ಯಂಕಕ್ಕೆ ನಿಲ್ಲದೆ ಟ್ಯಾಕ್ಸ್‌ಆಕ್ಟ್‌ನ ಈ ಚರಿತ್ರೆಯನ್ನು ವಿವರವಾಗಿ ಪರಿಶೀಲಿಸಿತು. ಉಳಿದಿಬ್ಬರು ಶೇ. 90ರಷ್ಟನ್ನು ಹಂಚಿಕೊಂಡಾಗ, ಮಾತುಕತೆಯಿಲ್ಲದೆಯೇ ಒಬ್ಬರ ಬೆಲೆಯನ್ನು ಇನ್ನೊಬ್ಬರು ಕಾಯುವ ಸ್ಥಿತಿ ಬರಬಹುದು ಎಂಬ ಆತಂಕವನ್ನೂ ಅದು ಒಪ್ಪಿತು.

ಚಿಕ್ಕ ಕಂಪನಿಗಳು ಬೆಳೆದು ಟ್ಯಾಕ್ಸ್‌ಆಕ್ಟ್‌ನ ಜಾಗ ತುಂಬುತ್ತವೆ ಎಂಬುದು ಪ್ರತಿವಾದಿಗಳ ಮತ್ತೊಂದು ವಾದ. ಟ್ಯಾಕ್ಸ್‌ಸ್ಲೇಯರ್, ಟ್ಯಾಕ್ಸ್‌ಹಾಕ್ ಎಂಬ ಎರಡನ್ನು ಅವರು ಹೆಸರಿಸಿದರು. ತೆರಿಗೆಯಂಥ ವಿಷಯದಲ್ಲಿ ಜನ ಪರಿಚಯವಿಲ್ಲದ ಹೆಸರಿಗೆ ತಮ್ಮ ಹಣಕಾಸಿನ ವಿವರ ಒಪ್ಪಿಸಲು ಹಿಂಜರಿಯುತ್ತಾರೆ. ಆ ನಂಬಿಕೆ ಗಳಿಸಲು ವರ್ಷಗಳೇ ಬೇಕು. ನ್ಯಾಯಾಲಯಕ್ಕೆ ಈ ವಾದ ಮನವರಿಕೆಯಾಗಲಿಲ್ಲ. 2011ರ ಅಕ್ಟೋಬರ್ 31ರಂದು ವಿಲೀನಕ್ಕೆ ತಡೆ ಬಿತ್ತು. ಮರುವರ್ಷ ಟ್ಯಾಕ್ಸ್‌ಆಕ್ಟನ್ನು ಈ ವ್ಯಾಪಾರದಲ್ಲಿ ಇರದಿದ್ದ ಇನ್ಫೊಸ್ಪೇಸ್ ಎಂಬ ಕಂಪನಿ ಕೊಂಡಿತು. ಅದರ ಪಾಲು ಸೊನ್ನೆ; ಸೊನ್ನೆಯಿಂದ ಗುಣಿಸಿದರೆ ಏರಿಕೆಯೂ ಸೊನ್ನೆ.

ಇದನ್ನೆಲ್ಲ ಇಲ್ಲಿ, ಕರ್ನಾಟಕದ ಸಭೆಯೊಂದರ ಮುಂದೆ ಹೇಳಲು ನನಗೆ ಕಾರಣವಿದೆ. ಕರಾವಳಿಯ ಎರಡು ಜಿಲ್ಲೆಗಳಲ್ಲಿ ಹುಟ್ಟಿದ ಬ್ಯಾಂಕುಗಳು ನಮ್ಮ ಹೆಮ್ಮೆ. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನೊಳಗೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನೊಳಗೆ ಸೇರಿದವು. ಭಾವನೆಯ ಮಾತು ಬಹಳ ಕೇಳಿಬಂತು, ಅದು ಸಹಜವೂ ಹೌದು. ಆದರೆ ನಾವು ಇಂದು ಮಾಡಿದ ಲೆಕ್ಕವನ್ನು ಸ್ಪರ್ಧಾ ಆಯೋಗ ಅಲ್ಲಿ ಮಾಡಲೇ ಇಲ್ಲ. ಮಾಡುವ ಅವಕಾಶವೇ ಇರಲಿಲ್ಲ. ರಾಷ್ಟ್ರೀಕೃತ ಬ್ಯಾಂಕುಗಳ ವಿಲೀನಕ್ಕೆ ಸ್ಪರ್ಧಾ ಕಾಯ್ದೆಯ ಪರಿಶೀಲನೆಯಿಂದ ಹತ್ತು ವರ್ಷಗಳ ವಿನಾಯಿತಿಯನ್ನು ಕೇಂದ್ರ ಸರ್ಕಾರ 2017ರ ಆಗಸ್ಟ್ 30ರಂದೇ ಕೊಟ್ಟಿತ್ತು.

ದೇಶದ ಮಟ್ಟದಲ್ಲಿ ಲೆಕ್ಕ ಹಾಕಿದ್ದರೆ ಏನೂ ಕಾಣುತ್ತಿರಲಿಲ್ಲ ಎಂದು ನೀವು ಹೇಳಬಹುದು. ಒಪ್ಪುತ್ತೇನೆ. ಆದರೆ ಅಂಗಡಿಗೆ ಓವರ್‌ಡ್ರಾಫ್ಟ್ ಬೇಕಾದ ವ್ಯಾಪಾರಿಯ ಮಾರುಕಟ್ಟೆ ದೇಶವಲ್ಲ, ಅವನ ಪೇಟೆ. ಅಮೆರಿಕದಲ್ಲಿ ಬ್ಯಾಂಕುಗಳ ವಿಲೀನವನ್ನು ದೀರ್ಘಕಾಲದಿಂದ ಹೀಗೆ ಸ್ಥಳೀಯವಾಗಿಯೇ ನೋಡುತ್ತಾ ಬಂದಿದ್ದಾರೆ. ಪ್ರತಿ ಪ್ರದೇಶದ ಠೇವಣಿಯಲ್ಲಿ ಯಾರ ಪಾಲೆಷ್ಟು ಎಂದು ಪಟ್ಟಿ ಮಾಡಿ, ನಂತರದ ಸೂಚ್ಯಂಕ 1800 ದಾಟಿ ಏರಿಕೆಯೂ 200 ದಾಟಿದ ಕಡೆ ಹೆಚ್ಚಿನ ವಿಚಾರಣೆ ನಡೆಸುತ್ತಾರೆ. ವಿಲೀನಕ್ಕೆ ಒಪ್ಪಿದರೂ ಅಂಥ ಊರಿನ ಕೆಲವು ಶಾಖೆಗಳನ್ನು ಬೇರೆ ಬ್ಯಾಂಕಿಗೆ ಮಾರಿಸುತ್ತಾರೆ. ಒಂದು ಕಲ್ಪಿತ ತಾಲ್ಲೂಕನ್ನು ತೆಗೆದುಕೊಳ್ಳಿ: ಸಾಲದಲ್ಲಿ ಒಂದು ಬ್ಯಾಂಕಿನ ಪಾಲು ಶೇ. 30, ಇನ್ನೊಂದರದು ಶೇ. 20. ಎರಡೂ ಒಂದಾದರೆ ಏರಿಕೆ 1200. ಇದೇ ಬ್ಯಾಂಕುಗಳಿಗೆ ದೇಶದಲ್ಲಿ ಶೇ. 5 ಮತ್ತು 2 ಇದ್ದರೆ ಏರಿಕೆ 20. ಒಂದು ಬ್ಯಾಂಕು ಸಾಲ ನಿರಾಕರಿಸಿದಾಗ ರಸ್ತೆಯಾಚೆಯ ಇನ್ನೊಂದು ಬ್ಯಾಂಕಿಗೆ ಹೋಗುವ ಅವಕಾಶ ಇತ್ತಲ್ಲ, ಅದು ಹೋದದ್ದನ್ನು 1200 ಹೇಳುತ್ತದೆ, 20 ಹೇಳುವುದಿಲ್ಲ.

ಸರ್ಕಾರದ ಒಡೆತನದ ಬ್ಯಾಂಕು ಬೆಲೆ ಏರಿಸಿ ಲಾಭ ಮಾಡುವ ಖಾಸಗಿ ಕಂಪನಿಯಂತೆ ವರ್ತಿಸುವುದಿಲ್ಲ ಎಂಬ ಪ್ರತಿವಾದದಲ್ಲಿ ಸತ್ಯವಿದೆ. ನಷ್ಟದಲ್ಲಿದ್ದ ಬ್ಯಾಂಕನ್ನು ಉಳಿಸಲು ಬೇರೆ ದಾರಿ ಇರಲಿಲ್ಲ ಎಂಬ ವಾದವೂ ಕೆಲವೆಡೆ ಸರಿಯಿರಬಹುದು. ಅವೆಲ್ಲ ಲೆಕ್ಕ ಹಾಕಿದ ಮೇಲೆ ಕೊಡಬೇಕಾದ ಸಮಜಾಯಿಷಿಗಳು. ಲೆಕ್ಕವನ್ನೇ ಹಾಕದಿರಲು ಅವು ಕಾರಣವಾಗಬಾರದು.

ಇಲ್ಲಿರುವ ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ನಿಮ್ಮ ನಿಮ್ಮ ತಾಲ್ಲೂಕಿನಲ್ಲಿ ಯಾವ ಬ್ಯಾಂಕಿನ ಠೇವಣಿ ಎಷ್ಟು, ಸಾಲ ಎಷ್ಟು ಎಂಬ ವಿವರವನ್ನು ಜಿಲ್ಲೆಯ ಲೀಡ್ ಬ್ಯಾಂಕಿನಿಂದ ಕೇಳಿ ಪಡೆಯಿರಿ. 2018ರ ಪಾಲು ಮತ್ತು ಇಂದಿನ ಪಾಲು ಎರಡನ್ನೂ ಪಕ್ಕಪಕ್ಕ ಬರೆಯಿರಿ. ಠೇವಣಿಗೊಂದು, ಸಾಲಕ್ಕೊಂದು ಸೂಚ್ಯಂಕ ಹಾಕಿರಿ, ಮತ್ತು ಆ ಪಟ್ಟಿಯನ್ನು ಕನ್ನಡದಲ್ಲಿ ಪ್ರಕಟಿಸಿರಿ. 2017ರಲ್ಲಿ ಕೊಟ್ಟ ವಿನಾಯಿತಿಯ ಹತ್ತು ವರ್ಷ 2027ರ ಆಗಸ್ಟಿಗೆ ಮುಗಿಯುತ್ತದೆ. ಅದನ್ನು ಮುಂದುವರಿಸಬೇಕೇ ಬೇಡವೇ ಎಂಬ ಚರ್ಚೆ ಬಂದಾಗ ಈ ಪಟ್ಟಿ ನಮ್ಮ ಮೇಜಿನ ಮೇಲಿರಲಿ.